ಯಾವ ಸ್ವಿಚ್ ಯಾರ ಕಣ್ಣು ಮುಚ್ಚುತ್ತದೆ?

ನಮ್ಮ ಅಕ್ಕ ಒಂದು ಪ್ರೆಶರ್ ಕುಕ್ಕರ್ ನೋಡಿದ್ದಳು. ಕೊಳ್ಳಲಿಲ್ಲ. ಮೂರು ಲೀಟರಿನದು ಸಾಕೋ ಐದು ಲೀಟರಿನದು ಬೇಕೋ ಎಂದು ಬೆಲೆ ನೋಡಿ ಸುಮ್ಮನಾಗಿದ್ದಳು. ಮರುದಿನದಿಂದ ಸುದ್ದಿ ಓದಲು ಹೋದರೆ ಪಕ್ಕದಲ್ಲಿ ಅದೇ ಕುಕ್ಕರ್, ಅಡುಗೆಯ ಪುಟ ತೆರೆದರೆ ಅಲ್ಲೂ ಅದೇ. ಎರಡನೇ ವರ್ಷದ ಎಂಜಿನಿಯರಿಂಗ್ ಓದುತ್ತಿರುವ ಅವಳ ಮಗ ಇದಕ್ಕೊಂದು ಪರಿಹಾರ ಹುಡುಕಲು ಕ್ರೋಮ್‌ನ ಸೆಟ್ಟಿಂಗ್ಸ್ ಒಳಗೆ ಹೊಕ್ಕು, ಆಮೇಲೆ ನನಗೆ ಫೋನ್ ಮಾಡಿದ. "ಮಾವ, ಸೆಕ್ಯೂರ್ ಡಿಎನ್‌ಎಸ್ ಆನ್ ಇದೆ. ಆದ್ರೂ ಅಮ್ಮನ ಕುಕ್ಕರ್ ಬಿಡ್ತಾ ಇಲ್ಲ."

ಅವನ ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆ ಬೆರೆತಿದ್ದವು. ಒಂದು, ಕುಕ್ಕರ್ ಬೆನ್ನು ಹತ್ತುವುದಕ್ಕೂ ಆ ಸ್ವಿಚ್‌ಗೂ ಸಂಬಂಧವಿಲ್ಲ. ಇನ್ನೊಂದು, ಅವರ ಮನೆಯಲ್ಲಿ ಆ ಸ್ವಿಚ್ ಆನ್ ಎಂದು ತೋರಿಸುತ್ತಿದ್ದರೂ ಏನೂ ಮಾಡುತ್ತಿರಲಿಲ್ಲ. ಬ್ರೌಸರಿನ ಖಾಸಗಿತನದ ಪುಟದಲ್ಲಿ ಹತ್ತಿರ ಹತ್ತಿರವೇ ಕೂತಿರುವ ಎರಡು ಏರ್ಪಾಡುಗಳನ್ನು, ಎಂದರೆ ಎನ್‌ಕ್ರಿಪ್ಟ್ ಆದ ಡಿಎನ್‌ಎಸ್ ಮತ್ತು ಟ್ರ್ಯಾಕಿಂಗ್ ತಡೆಯನ್ನು, ಬೇರ್ಪಡಿಸಿ ನೋಡಲು ಈ ಕುಕ್ಕರ್ ಪ್ರಸಂಗವೇ ಸಾಕು.

ವಿಚಾರಣೆ ಕೌಂಟರಿನ ಮುಂದೆ

ಬ್ರೌಸರಿನಲ್ಲಿ ಒಂದು ಹೆಸರು ಬರೆದ ತಕ್ಷಣ ಪುಟ ಬರುವುದಿಲ್ಲ. ಆ ಹೆಸರಿಗೆ ಯಾವ ಐಪಿ ವಿಳಾಸ ಎಂದು ಮೊದಲು ಯಾರನ್ನಾದರೂ ಕೇಳಬೇಕು. ಈ ಕೇಳಿ ತಿಳಿಯುವ ವ್ಯವಸ್ಥೆಯೇ ಡಿಎನ್‌ಎಸ್, ಉತ್ತರ ಹುಡುಕಿ ತಂದುಕೊಡುವ ಸರ್ವರನ್ನು ರಿಸಾಲ್ವರ್ ಎನ್ನುತ್ತಾರೆ. ಪಾಲ್ ಮೊಕಪೆಟ್ರಿಸ್ ಇದನ್ನು ರೂಪಿಸಿದ್ದು 1983ರಲ್ಲಿ. ಆಗ ಪ್ರಶ್ನೆಯನ್ನು ಮುಚ್ಚಿ ಕಳಿಸಬೇಕು ಎಂಬ ಯೋಚನೆ ಇರಲಿಲ್ಲ. ಹಾಗಾಗಿ ಇಂದಿಗೂ ಸಾಮಾನ್ಯ ಡಿಎನ್‌ಎಸ್ ಪ್ರಶ್ನೆ 53ನೇ ಪೋರ್ಟಿನಲ್ಲಿ ತೆರೆದ ಅಕ್ಷರಗಳಲ್ಲೇ ಹೋಗುತ್ತದೆ.

ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ "ಸಾಗರದ ಬಸ್ ಎಲ್ಲಿ ನಿಲ್ಲುತ್ತೆ?" ಎಂದು ಕೂಗಿ ಕೇಳಿದ ಹಾಗೆ. ಉತ್ತರ ಕೊಡುವವನಿಗಷ್ಟೇ ಅಲ್ಲ, ಅಕ್ಕಪಕ್ಕ ನಿಂತವರಿಗೂ ನಾವು ಹೋಗುವ ಊರು ತಿಳಿಯುತ್ತದೆ. ಇಲ್ಲಿ ಅಕ್ಕಪಕ್ಕ ನಿಂತವರೆಂದರೆ ವೈಫೈ ಕೊಟ್ಟ ಲಾಡ್ಜಿನವರು, ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವವರು, ಇಂಟರ್‌ನೆಟ್ ಕಂಪನಿಯವರು. ಅವರು ಕೇಳಿಸಿಕೊಂಡು ಸುಮ್ಮನಿರಬೇಕೆಂದೂ ಇಲ್ಲ, ನಡುವೆ ಬಾಯಿ ಹಾಕಿ ತಪ್ಪು ಉತ್ತರವನ್ನೂ ಕೊಡಬಲ್ಲರು. ಕೆಲವು ತಾಣಗಳನ್ನು ತಡೆಯಲು ಇಂಟರ್‌ನೆಟ್ ಕಂಪನಿಗಳು ಬಳಸುವ ಒಂದು ಉಪಾಯ ಇದೇ: ಹೆಸರು ಕೇಳಿದಾಗ ಸುಳ್ಳು ವಿಳಾಸ ಕೊಡುವುದು.

ಎನ್‌ಕ್ರಿಪ್ಟ್ ಆದ ಡಿಎನ್‌ಎಸ್ ಎಂದರೆ ಇದೇ ಪ್ರಶ್ನೆಯನ್ನು ಕೌಂಟರಿನವನ ಕಿವಿಯಲ್ಲಿ ಹೇಳುವುದು. ಇದರ ಒಂದು ರೂಪ 2016ರಲ್ಲಿ ರೂಪುಗೊಂಡ ಡಿಎನ್‌ಎಸ್ ಓವರ್ ಟಿಎಲ್‌ಎಸ್. ಆಂಡ್ರಾಯ್ಡ್ 9ರಿಂದ ಫೋನುಗಳಲ್ಲಿರುವ `Private DNS` ಮೊದಲು ಬಳಸಿದ್ದು ಇದನ್ನು. ಇನ್ನೊಂದು 2018ರ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್. ಬ್ರೌಸರುಗಳು ಆರಿಸಿಕೊಂಡದ್ದು ಇದನ್ನು. ಇದು ಎಲ್ಲ ವೆಬ್ ಪುಟಗಳೂ ಹೋಗುವ 443ನೇ ಪೋರ್ಟಿನಲ್ಲೇ ಹೋಗುವುದರಿಂದ ಇದೊಂದನ್ನೇ ಗುರುತಿಸಿ ಹೊರಗೆ ತೆಗೆಯುವುದು ಕಷ್ಟ. ದಾರಿಯಲ್ಲಿರುವವರಿಗೆ ಪ್ರಶ್ನೆ ಓದಲು ಬರುವುದಿಲ್ಲ, ಉತ್ತರ ತಿದ್ದಲೂ ಬರುವುದಿಲ್ಲ.

ಆದರೆ ಕೌಂಟರಿನವನಿಗೆ ಎಲ್ಲವೂ ಕೇಳುತ್ತದೆ ಎಂಬುದನ್ನು ಮರೆಯಬಾರದು. ಮೊದಲು ನಮ್ಮ ಇಂಟರ್‌ನೆಟ್ ಕಂಪನಿಯ ಬಳಿ ಇದ್ದ ಹೆಸರುಗಳ ಪಟ್ಟಿ ಈಗ ಕ್ಲೌಡ್‌ಫ್ಲೇರ್, ಗೂಗಲ್, ಕ್ವಾಡ್9 ಇವರಲ್ಲೊಬ್ಬರ ಬಳಿ ಬೀಳುತ್ತದೆ. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ತನ್ನ ಪಟ್ಟಿಗೆ ಸೇರುವ ರಿಸಾಲ್ವರುಗಳಿಗೆ, ಬಳಕೆದಾರರನ್ನು ಗುರುತಿಸಬಹುದಾದ ದಾಖಲೆಯನ್ನು 24 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂಬ ಷರತ್ತು ಹಾಕಿದೆ. ಷರತ್ತು ಒಳ್ಳೆಯದೇ. ಆದರೂ ಅದು ಒಪ್ಪಂದದ ಮಾತು, ಗಣಿತದ ಬೀಗವಲ್ಲ. ನಂಬಿಕೆ ಇಡಲೇಬೇಕು, ಯಾರ ಮೇಲೆ ಎಂಬುದು ಮಾತ್ರ ಬದಲಾಗಿದೆ.

ಆನ್ ಇದ್ದೂ ಆಫ್

ಅಳಿಯನ ಮನೆಯ ವಿಷಯಕ್ಕೆ ಬರೋಣ. ಕ್ರೋಮ್ 2020ರಿಂದ ಈ ಸ್ವಿಚ್ಚನ್ನು ತಾನೇ ಆನ್ ಮಾಡಿಟ್ಟುಕೊಂಡಿದೆ. ಆದರೆ ಆನ್ ಎಂಬುದರ ಕೆಳಗೆ ಯಾವ ರಿಸಾಲ್ವರ್ ಎಂದು ಕೇಳುವ ಇನ್ನೊಂದು ಸಾಲಿದೆ, ನಾವು ಮುಟ್ಟದಿದ್ದರೆ ಅಲ್ಲಿ ಕಂಪ್ಯೂಟರಿನ ಈಗಿನ ಡಿಎನ್‌ಎಸ್ ಅನ್ನೇ ಬಳಸುವ ಆಯ್ಕೆ ಇರುತ್ತದೆ. ಈ ಆಯ್ಕೆಯಲ್ಲಿ ಕ್ರೋಮ್ ಮಾಡುವುದಿಷ್ಟು: ಕಂಪ್ಯೂಟರಿನಲ್ಲಿ ನಮೂದಾಗಿರುವ ಡಿಎನ್‌ಎಸ್ ಸರ್ವರಿನ ವಿಳಾಸ ತನಗೆ ಗೊತ್ತಿರುವ ಪಟ್ಟಿಯಲ್ಲಿದೆಯೇ ಎಂದು ನೋಡುತ್ತದೆ. ಇದ್ದರೆ ಅದೇ ಸರ್ವರಿಗೆ ಮುಚ್ಚಿದ ದಾರಿಯಲ್ಲಿ ಹೋಗುತ್ತದೆ. ಇಲ್ಲದಿದ್ದರೆ ಸದ್ದಿಲ್ಲದೆ ಹಳೆಯ ತೆರೆದ ದಾರಿಯಲ್ಲೇ ಹೋಗುತ್ತದೆ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಕೊಡು ಎಂದು ಅವನಿಗೆ ಹೇಳಿದೆ:

```
ipconfig /all
```

`DNS Servers` ಎಂಬ ಸಾಲಿನ ಎದುರು `192.168.1.1` ಎಂದಿತ್ತು. ಅದು ಮನೆಯ ರೂಟರಿನದೇ ವಿಳಾಸ. ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಹಾಕಿಸಿದ ಬಹುಪಾಲು ಮನೆಗಳಲ್ಲಿ ಹೀಗೇ ಇರುತ್ತದೆ. ರೂಟರ್ ಪ್ರಶ್ನೆಯನ್ನು ಇಸಿದುಕೊಂಡು ಮುಂದೆ ಕಂಪನಿಯ ರಿಸಾಲ್ವರಿಗೆ ದಾಟಿಸುತ್ತದೆ. ರೂಟರಿನ ಈ ಒಳವಿಳಾಸ ಊರಿನ ಎಲ್ಲ ಮನೆಯಲ್ಲೂ ಒಂದೇ ಆಗಿರಬಹುದು, ಕ್ರೋಮ್‌ನ ಪಟ್ಟಿಯಲ್ಲಿ ಇರಲು ಸಾಧ್ಯವೇ ಇಲ್ಲ. ಆದ್ದರಿಂದ ಸ್ವಿಚ್ ನೀಲಿಯಾಗಿದ್ದರೂ ಪ್ರಶ್ನೆಗಳೆಲ್ಲ ತೆರೆದೇ ಹೋಗುತ್ತಿದ್ದವು. ಒಂದು ಪಕ್ಷ ಕಂಪನಿಯ ರಿಸಾಲ್ವರ್ ಪಟ್ಟಿಯಲ್ಲಿ ಇದ್ದಿದ್ದರೂ ಕೌಂಟರಿನಲ್ಲಿ ಕೂತವನು ಅದೇ ಕಂಪನಿಯವನು. ಬದಲಾವಣೆ ಬೇಕಿದ್ದರೆ ಆ ಸಾಲಿನಲ್ಲಿ ಒಬ್ಬ ಸೇವಾದಾರನನ್ನು ಹೆಸರಿಟ್ಟು ಆರಿಸಲೇಬೇಕು.

ಫೈರ್‌ಫಾಕ್ಸ್ ಇದನ್ನು ಸ್ವಲ್ಪ ನೇರವಾಗಿ ತೋರಿಸುತ್ತದೆ. `Privacy & Security` ಪುಟದ ಡಿಎನ್‌ಎಸ್ ಭಾಗದಲ್ಲಿ `Status` ಎಂಬ ಸಾಲು ಇದ್ದು, ಏರ್ಪಾಡು ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಅಲ್ಲೇ ಬರೆದಿರುತ್ತದೆ. ಕೆಳಗೆ ನಾಲ್ಕು ಆಯ್ಕೆಗಳು. `Default Protection` ಇದ್ದರೆ ಯಾವ ದೇಶದಲ್ಲಿ, ಯಾವಾಗ ಬಳಸಬೇಕೆಂದು ಫೈರ್‌ಫಾಕ್ಸ್ ತಾನೇ ತೀರ್ಮಾನಿಸುತ್ತದೆ. ಅದು ಹೀಗೆ ತಾನಾಗಿ ಆನ್ ಆಗತೊಡಗಿದ್ದು 2020ರಲ್ಲಿ, ಅಮೆರಿಕದಲ್ಲಿ. `Increased Protection` ನಾವು ಆರಿಸಿದ ರಿಸಾಲ್ವರನ್ನೇ ಕೇಳುತ್ತದೆ, ಅದು ಸಿಗದಿದ್ದರೆ ಹಳೆಯ ತೆರೆದ ದಾರಿಗೆ ಇಳಿಯುತ್ತದೆ. `Max Protection` ಇಳಿಯುವುದಿಲ್ಲ. ಮುಚ್ಚಿದ ದಾರಿ ಸಿಗದಿದ್ದರೆ ಪುಟವನ್ನೇ ತೆರೆಯದೆ ಎಚ್ಚರಿಕೆ ತೋರಿಸುತ್ತದೆ. ಕೊನೆಯದು `Off`.

ಕಣ್ಣಾರೆ ನೋಡಬೇಕೆನ್ನುವವರಿಗೆ ಲಿನಕ್ಸ್‌ನಲ್ಲಿ ಒಂದು ಸಾಲು ಸಾಕು:

```
sudo tcpdump -n -i any port 53
```

ಇದನ್ನು ಓಡಲು ಬಿಟ್ಟು, ಏರ್ಪಾಡು ಆಫ್ ಇರುವಾಗ ಒಂದು ಪುಟ ತೆರೆದರೆ ತಾಣದ ಹೆಸರು ಅಕ್ಷರಶಃ ಪರದೆಯ ಮೇಲೆ ಸರಿದುಹೋಗುತ್ತದೆ. ಆ ಪುಟದ ಜೊತೆ ನಾವು ಕೇಳದೆಯೇ ಬಂದ ಜಾಹೀರಾತು ಕಂಪನಿಗಳ ಹೆಸರುಗಳೂ ಬರುತ್ತವೆ. ಆನ್ ಮಾಡಿ ಮತ್ತೆ ತೆರೆದರೆ ಅವು ಕಾಣುವುದಿಲ್ಲ. ನಾನು ಮಾಡಿ ನೋಡಿದಾಗ ಪರದೆ ಪೂರ್ತಿ ಖಾಲಿಯಾಗಲಿಲ್ಲ, ಇಮೇಲ್ ತಂತ್ರಾಂಶ ಮತ್ತು ಗಡಿಯಾರ ಸರಿಮಾಡುವ ಸೇವೆ ತಮ್ಮ ಪ್ರಶ್ನೆಗಳನ್ನು ಕೂಗುತ್ತಲೇ ಇದ್ದವು. ಬ್ರೌಸರಿನ ಸ್ವಿಚ್ ಬ್ರೌಸರಿಗಷ್ಟೇ. ಫೋನಿನ ಎಲ್ಲ ಆ್ಯಪ್‌ಗಳಿಗೂ ಅನ್ವಯಿಸಬೇಕಾದರೆ ಆಂಡ್ರಾಯ್ಡ್‌ನ `Private DNS`ನಲ್ಲಿ `dns.google` ಅಥವಾ `one.one.one.one` ಎಂಬಂಥ ಹೆಸರು ಕೊಡಬೇಕು.

ಬಸ್ಸಿನ ಬೋರ್ಡು

ಪ್ರಶ್ನೆಯನ್ನು ಕಿವಿಯಲ್ಲಿ ಕೇಳಿದೆವು. ಈಗ ಬಸ್ ಹತ್ತಬೇಕು. ಬಸ್ಸಿನ ಹಣೆಯ ಮೇಲೆ 'ಸಾಗರ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ.

ಎಚ್‌ಟಿಟಿಪಿಎಸ್ ತಾಣಕ್ಕೆ ಸಂಪರ್ಕ ಬೆಳೆಸುವಾಗಲೂ ಹೀಗೆಯೇ. ಒಂದೇ ಐಪಿ ವಿಳಾಸದಲ್ಲಿ ನೂರಾರು ತಾಣಗಳು ಇರಬಹುದಾದ್ದರಿಂದ, ತನಗೆ ಯಾವ ತಾಣ ಬೇಕು ಎಂಬುದನ್ನು ಬ್ರೌಸರ್ ಮೊದಲ ಮಾತಿನಲ್ಲೇ ಹೇಳಬೇಕು. ಈ ಹೆಸರಿಗೆ ಎಸ್‌ಎನ್‌ಐ ಎನ್ನುತ್ತಾರೆ. ಬೀಗ ಬೀಳುವ ಮುಂಚಿನ ಮಾತು ಅದು, ಹಾಗಾಗಿ ತೆರೆದೇ ಇರುತ್ತದೆ. ತಾಣದ ಒಳಗೆ ಯಾವ ಪುಟ ಓದಿದಿರಿ, ಏನು ಬರೆದಿರಿ ಎಂಬುದು ಇಂಟರ್‌ನೆಟ್ ಕಂಪನಿಗೆ ಕಾಣದು. ಅದನ್ನು ಎಚ್‌ಟಿಟಿಪಿಎಸ್ ಮೊದಲಿನಿಂದಲೂ ಮುಚ್ಚಿದೆ. ತಾಣದ ಹೆಸರು ಮಾತ್ರ, ಡಿಎನ್‌ಎಸ್ ಮುಚ್ಚಿದ ಮೇಲೂ, ಈ ಬೋರ್ಡಿನಿಂದ ಕಾಣುತ್ತದೆ.

ಇದು ಪುಸ್ತಕದ ಮಾತಲ್ಲ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು ಭಾರತದಲ್ಲಿ ತಾಣಗಳನ್ನು ಹೇಗೆ ತಡೆಯುತ್ತಾರೆ ಎಂದು ಪರೀಕ್ಷೆ ಮಾಡಿ, ಡಿಎನ್‌ಎಸ್ ಉತ್ತರ ತಿದ್ದುವುದರ ಜೊತೆಗೆ ಎಸ್‌ಎನ್‌ಐ ನೋಡಿ ತಡೆಯುವುದೂ ನಡೆಯುತ್ತಿದೆ ಎಂದು 2019ರಲ್ಲಿ ತೋರಿಸಿದರು. ಉತ್ತರ ತಿದ್ದುವ ತಡೆಯ ಮೇಲೆ ಮುಚ್ಚಿದ ಡಿಎನ್‌ಎಸ್ ಪರಿಣಾಮ ಬೀರುತ್ತದೆ, ಬೋರ್ಡು ಓದುವ ತಡೆಯ ಮೇಲೆ ಏನೂ ಇಲ್ಲ. ಒಂದೇ ತಾಣ ಒಂದು ಕಂಪನಿಯ ಸಂಪರ್ಕದಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದಿರಲು ಇದೂ ಒಂದು ಕಾರಣ.

ಬೋರ್ಡನ್ನೂ ಮುಚ್ಚುವ ಉಪಾಯ ಬಂದಿದೆ. ಅದರ ಹೆಸರು ಎನ್‌ಕ್ರಿಪ್ಟೆಡ್ ಕ್ಲೈಂಟ್ ಹಲೋ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ 2023ರಲ್ಲಿ ಇದನ್ನು ಎಲ್ಲರಿಗೂ ಆನ್ ಮಾಡಿದವು. ಬೋರ್ಡನ್ನು ಮುಚ್ಚಲು ಬೇಕಾದ ಕೀಲಿಯನ್ನು ತಾಣ ತನ್ನ ಡಿಎನ್‌ಎಸ್ ದಾಖಲೆಯಲ್ಲಿ ಇಡುತ್ತದೆ. ಆ ದಾಖಲೆಯನ್ನೇ ಕೂಗಿ ಕೇಳಿದರೆ ಮುಚ್ಚಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಡಿಎನ್‌ಎಸ್ ಸ್ವಿಚ್ಚಿನ ನಿಜವಾದ ಬೆಲೆ ಇಲ್ಲಿದೆ: ಅದೊಂದೇ ಅರೆಬರೆ ಕೆಲಸ, ಆದರೆ ಅದಿಲ್ಲದೆ ಮುಂದಿನ ಕೆಲಸ ಆಗುವುದಿಲ್ಲ. ತಾಣದ ಕಡೆಯ ಸರ್ವರ್ ಕೂಡ ಇದಕ್ಕೆ ಒಪ್ಪಿರಬೇಕು, ಕ್ಲೌಡ್‌ಫ್ಲೇರ್‌ನಂಥ ದೊಡ್ಡ ಸೇವೆಯ ಹಿಂದಿರುವ ತಾಣಗಳಲ್ಲಿ ಇದು ಹೆಚ್ಚು ಕಾಣುತ್ತದೆ. ಆಗ ದಾರಿಯಲ್ಲಿರುವವರಿಗೆ ಊರಿನ ಹೆಸರು ಕಾಣುವುದಿಲ್ಲ, ಡಿಪೋದ ಹೆಸರಷ್ಟೇ ಕಾಣುತ್ತದೆ. `https://crypto.cloudflare.com/cdn-cgi/trace` ಎಂಬ ಪುಟ ತೆರೆದು `sni=encrypted` ಎಂದಿದ್ದರೆ ನಿಮ್ಮ ಬ್ರೌಸರಿನಲ್ಲಿ ಇದು ಕೆಲಸ ಮಾಡುತ್ತಿದೆ, `sni=plaintext` ಎಂದಿದ್ದರೆ ಇಲ್ಲ.

ಕುಕ್ಕರ್ ಬಂದ ದಾರಿ

ಇಷ್ಟೆಲ್ಲ ಆದರೂ ಕುಕ್ಕರ್ ಯಾಕೆ ಹೋಗುವುದಿಲ್ಲ? ಅದು ದಾರಿಯಲ್ಲಿ ನಿಂತವರು ತಂದದ್ದಲ್ಲ ಎಂಬ ಕಾರಣಕ್ಕೆ.

ಅಕ್ಕ ನೋಡಿದ ಅಂಗಡಿಯ ತಾಣವನ್ನು `angadi.example` ಎನ್ನೋಣ. ಆ ಪುಟದಲ್ಲಿ ಜಾಹೀರಾತು ಕಂಪನಿಯೊಂದರ, `gurutu.example` ಎನ್ನೋಣ, ಸಣ್ಣ ಸ್ಕ್ರಿಪ್ಟ್ ಇತ್ತು. ಪುಟದ ಜೊತೆ ಅದೂ ಬಂತು, ಬಂದಾಗ ಅಕ್ಕನ ಬ್ರೌಸರಿನಲ್ಲಿ `8f2c` ಎಂಬ ಗುರುತಿನ ಒಂದು ಕುಕಿ ಇಟ್ಟಿತು. ಮರುದಿನ ಅವಳು `suddi.example` ತೆರೆದಳು. ಅಲ್ಲಿಯೂ ಅದೇ ಕಂಪನಿಯ ಸ್ಕ್ರಿಪ್ಟ್. ಬ್ರೌಸರ್ ಅದನ್ನು ತರಿಸುವಾಗಲೇ `8f2c` ಕುಕಿಯನ್ನೂ ಕೊಟ್ಟಿತು. ನಿನ್ನೆ ಕುಕ್ಕರ್ ನೋಡಿದ್ದು ಇವರೇ ಎಂದು ಕಂಪನಿಗೆ ತಿಳಿಯಿತು. ಈ ವ್ಯವಹಾರವೆಲ್ಲ ಬ್ರೌಸರ್ ಮತ್ತು ಟ್ರ್ಯಾಕರಿನ ನಡುವೆ, ಬೀಗ ಹಾಕಿದ ಸಂಪರ್ಕದ ಒಳಗೇ ನಡೆಯಿತು. ಇದರಲ್ಲಿ ಡಿಎನ್‌ಎಸ್‌ನ ಪಾತ್ರ `gurutu.example` ಎಲ್ಲಿದೆ ಎಂದು ಹೇಳಿದ್ದಷ್ಟೇ. ಡಿಎನ್‌ಎಸ್ ಮುಚ್ಚಿದರೆ ಹಿಂಬಾಲಿಸುವವನ ವಿಳಾಸವನ್ನೇ ಗುಟ್ಟಾಗಿ ಕೇಳಿ ತಂದಂತಾಗುತ್ತದೆ.

ಟ್ರ್ಯಾಕಿಂಗ್ ತಡೆ ಕೈ ಹಾಕುವುದು ಈ ವ್ಯವಹಾರಕ್ಕೆ. ಅದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಸೆಟ್ಟಿಂಗ್ಸ್ ಪುಟ ಅವೆರಡನ್ನೂ ಒಂದೇ ಹೆಸರಿನಡಿ ಇಟ್ಟಿರುವುದರಿಂದ ಗೊಂದಲ.

ಮೊದಲ ಕೆಲಸ ಕುಕಿಯನ್ನು ಕಟ್ಟಿಹಾಕುವುದು. ಫೈರ್‌ಫಾಕ್ಸ್ 2022ರಿಂದ ಎಲ್ಲರಿಗೂ ಕೊಟ್ಟಿರುವ ಏರ್ಪಾಡಿನಲ್ಲಿ ಒಂದೊಂದು ತಾಣಕ್ಕೂ ಒಂದೊಂದು ಡಬ್ಬಿ. `gurutu.example` ಅಂಗಡಿಯಲ್ಲಿ ಇಟ್ಟ ಕುಕಿ ಅಂಗಡಿಯ ಡಬ್ಬಿಯಲ್ಲೇ ಉಳಿಯುತ್ತದೆ. ಸುದ್ದಿಯ ಪುಟದಲ್ಲಿ ಅದಕ್ಕೆ ಹೊಸ ಡಬ್ಬಿ, ಹೊಸ ಗುರುತು. ಸ್ಕ್ರಿಪ್ಟ್ ಬರುತ್ತದೆ, ಜಾಹೀರಾತೂ ಬರುತ್ತದೆ, ನಿನ್ನೆಯವರು ಇವರೇ ಎಂಬ ಕೊಂಡಿ ಮಾತ್ರ ಕಡಿಯುತ್ತದೆ. ಸಫಾರಿ ಇಂಥ ಹೊರಗಿನವರ ಕುಕಿಯನ್ನು 2020ರಿಂದ ಪೂರ್ತಿ ತಡೆಯುತ್ತಿದೆ. ಕ್ರೋಮ್ ಅದೇ ವರ್ಷ ತಾನೂ ಕೈಬಿಡುವುದಾಗಿ ಘೋಷಿಸಿ, ಮತ್ತೆ ಮತ್ತೆ ಮುಂದೂಡಿ, ಕೊನೆಗೆ ಆ ಯೋಜನೆಯನ್ನೇ ಬಿಟ್ಟಿತು. ಅದರಲ್ಲಿ ನಾವೇ `Third-party cookies` ಪುಟಕ್ಕೆ ಹೋಗಿ ತಡೆಯಬೇಕು.

ಎರಡನೇ ಕೆಲಸ ಬಾಗಿಲಲ್ಲೇ ತಡೆಯುವುದು. ಫೈರ್‌ಫಾಕ್ಸ್‌ನಲ್ಲಿ `Strict` ಆರಿಸಿದರೆ, ಡಿಸ್ಕನೆಕ್ಟ್ ಎಂಬ ಕಂಪನಿ ಸಿದ್ಧಪಡಿಸುವ ಟ್ರ್ಯಾಕರುಗಳ ಪಟ್ಟಿಯಲ್ಲಿ `gurutu.example` ಇದ್ದರೆ ಬ್ರೌಸರ್ ಅದನ್ನು ಕರೆಯುವುದೇ ಇಲ್ಲ. ಕುಕಿಯ ಮಾತಿರಲಿ, ನಿಮ್ಮ ಐಪಿ ವಿಳಾಸವೂ ಅದಕ್ಕೆ ಹೋಗುವುದಿಲ್ಲ. ಇದರಿಂದ ಇನ್ನೊಂದು ಲಾಭವಿದೆ. ಕರೆಯದವರ ವಿಳಾಸವನ್ನು ಕೇಳುವ ಅಗತ್ಯವೂ ಇಲ್ಲದ್ದರಿಂದ ಆ ಡಿಎನ್‌ಎಸ್ ಪ್ರಶ್ನೆಯೇ ಹುಟ್ಟುವುದಿಲ್ಲ. ಅಂದರೆ ಟ್ರ್ಯಾಕಿಂಗ್ ತಡೆ ರಿಸಾಲ್ವರಿನ ಕಣ್ಣಿನಿಂದಲೂ ಒಂದಿಷ್ಟನ್ನು ಮರೆಮಾಡುತ್ತದೆ, ಮುಚ್ಚಿದ ಡಿಎನ್‌ಎಸ್ ಟ್ರ್ಯಾಕರಿನ ಕಣ್ಣಿನಿಂದ ಏನನ್ನೂ ಮರೆಮಾಡುವುದಿಲ್ಲ.

ಇದಕ್ಕೂ ಮಿತಿಗಳಿವೆ. ಪಟ್ಟಿಯಲ್ಲಿ ಇಲ್ಲದವನು ಒಳಗೆ ಬರುತ್ತಾನೆ. ಇನ್ನು ಕೆಲವರು ವೇಷ ಹಾಕಿಕೊಂಡು ಬರುತ್ತಾರೆ: ಅಂಗಡಿಯವರು ತಮ್ಮದೇ ಹೆಸರಿನಡಿ `anki.angadi.example` ಎಂದೊಂದು ಉಪಹೆಸರು ಮಾಡಿ, ಡಿಎನ್‌ಎಸ್ ದಾಖಲೆಯಲ್ಲಿ ಅದನ್ನು `gurutu.example`ಗೆ ತಿರುಗಿಸುತ್ತಾರೆ. ಹೊರಗಿನಿಂದ ಮನೆಯವನಂತೆ ಕಾಣುವ ಇವನನ್ನು ಹಿಡಿಯಲು ಆ ದಾಖಲೆಯ ಬೆನ್ನು ಹತ್ತಿ ನೋಡಬೇಕು. ಬ್ರೇವ್ ಬ್ರೌಸರ್ ಇದನ್ನು ಮಾಡುತ್ತದೆ, ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಷನ್ ಮಾಡುತ್ತದೆ. ಎಲ್ಲಕ್ಕಿಂತ ದೊಡ್ಡ ಮಿತಿ ಲಾಗಿನ್. ಒಂದೇ ಮೊಬೈಲ್ ನಂಬರ್ ಕೊಟ್ಟು ಎರಡು ಕಡೆ ಒಳಗೆ ಹೋದರೆ, ಆ ಎರಡು ಕಡೆಯವರು ತಮ್ಮ ಸರ್ವರುಗಳಲ್ಲೇ ಪಟ್ಟಿ ತಾಳೆ ನೋಡಿಕೊಳ್ಳಬಹುದು. ಅದು ಬ್ರೌಸರಿನ ಕೈಗೆ ಸಿಗುವ ಸಂಗತಿಯೇ ಅಲ್ಲ.

ಖಾಸಗಿತನದ ಪುಟದಲ್ಲಿ ಕಾಣುತ್ತಿದ್ದ `Do Not Track` ತಡೆಯೇ ಅಲ್ಲ. ಅದು ಪ್ರತಿ ಕೋರಿಕೆಯ ಜೊತೆ `DNT: 1` ಎಂಬ ವಿನಂತಿ ಕಳಿಸುತ್ತಿತ್ತು, ಅದನ್ನು ಮನ್ನಿಸಬೇಕೆಂಬ ಕಟ್ಟುಪಾಡು ಯಾರಿಗೂ ಇರಲಿಲ್ಲ. ಫೈರ್‌ಫಾಕ್ಸ್ 2025ರಲ್ಲಿ ಅದನ್ನು ತೆಗೆದೇ ಹಾಕಿತು.

ಕೆಟ್ಟರೆ ಯಾವುದು ಕೆಟ್ಟಿದೆ

ಎರಡೂ ಆನ್ ಮಾಡಿದ ಮೇಲೆ ಒಂದಲ್ಲ ಒಂದು ದಿನ ಯಾವುದೋ ಪುಟ ತೆರೆಯುವುದಿಲ್ಲ. ಆಗ ಎರಡನ್ನೂ ಆಫ್ ಮಾಡಿ ಮರೆತುಬಿಡುವವರೇ ಹೆಚ್ಚು. ಲಕ್ಷಣ ನೋಡಿದರೆ ಯಾವುದರ ಕೆಲಸ ಎಂದು ಹೇಳಬಹುದು.

ಯಾವ ತಾಣವೂ ತೆರೆಯುತ್ತಿಲ್ಲ ಎಂದರೆ ಡಿಎನ್‌ಎಸ್ ಅನ್ನು ಅನುಮಾನಿಸಿ. ಹಾಸನದ ಲಾಡ್ಜ್ ಒಂದರಲ್ಲಿ ನನ್ನ ಫೋನು ವೈಫೈಗೆ ಸೇರಿಕೊಂಡರೂ ಪಾಸ್‌ವರ್ಡ್ ಕೇಳುವ ಪುಟ ಬರಲೇ ಇಲ್ಲ. ಇಂಥ ವೈಫೈಗಳು ನಾವು ಮೊದಲು ಕೇಳುವ ಪ್ರಶ್ನೆಗೆ ತಮ್ಮದೇ ಉತ್ತರ ಕೊಟ್ಟು ಲಾಗಿನ್ ಪುಟಕ್ಕೆ ಎಳೆಯುತ್ತವೆ, ಲಾಗಿನ್ ಆಗುವ ತನಕ ಹೊರಗಿನ ರಿಸಾಲ್ವರಿಗೆ ದಾರಿ ಬಿಡುವುದಿಲ್ಲ. ನನ್ನ ಫೋನೋ, ಹೆಸರಿಟ್ಟು ಹೇಳಿದ ರಿಸಾಲ್ವರನ್ನು ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲ. `Private DNS` ಅನ್ನು `Automatic`ಗೆ ಇಳಿಸಿ, ಲಾಗಿನ್ ಆಗಿ, ಮತ್ತೆ ಹೆಸರು ಕೊಟ್ಟೆ. ಕಚೇರಿಯೊಳಗಷ್ಟೇ ನಡೆಯುವ ತಾಣಗಳು ಮಾತ್ರ ತೆರೆಯದಿದ್ದರೂ ಕಾರಣ ಇದೇ, ಆ ಹೆಸರುಗಳು ಕಚೇರಿಯ ರಿಸಾಲ್ವರಿಗಷ್ಟೇ ಗೊತ್ತು. ಮಕ್ಕಳಿಗೆಂದು ರೂಟರಿನಲ್ಲಿ ಡಿಎನ್‌ಎಸ್ ಶೋಧಕ ಹಾಕಿರುವ ಮನೆಯಲ್ಲಿ ಇದರ ತಿರುವು ಕಾಣುತ್ತದೆ: ಬ್ರೌಸರಿನ ಸ್ವಿಚ್ ಆ ಶೋಧಕವನ್ನು ಸದ್ದಿಲ್ಲದೆ ದಾಟಿಹೋಗುತ್ತದೆ.

ಉಳಿದದ್ದೆಲ್ಲ ಸರಿ, ಒಂದೇ ತಾಣದ ಒಂದು ಭಾಗ ಖಾಲಿ ಎಂದರೆ ಟ್ರ್ಯಾಕಿಂಗ್ ತಡೆಯನ್ನು ಅನುಮಾನಿಸಿ. ವಿಡಿಯೊ ಇರಬೇಕಾದ ಕಡೆ ಬಿಳಿ ಚೌಕ, ಲಾಗಿನ್ ಆದರೂ ಮತ್ತೆ ಲಾಗಿನ್ ಪುಟಕ್ಕೇ ಬರುವುದು, ಹಣ ಕಟ್ಟುವ ಗುಂಡಿ ಒತ್ತಿದರೂ ಅಲ್ಲಾಡದಿರುವುದು ಇದರ ಗುರುತುಗಳು. ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಪಟ್ಟಿಯ ಎಡಗಡೆಯ ಗುರಾಣಿಯ ಚಿಹ್ನೆ ಒತ್ತಿದರೆ ಆ ತಾಣವೊಂದಕ್ಕೇ ತಡೆ ತೆಗೆಯಬಹುದು. ಯಾವುದನ್ನು ತಡೆದಿದೆ ಎಂಬ ಪಟ್ಟಿಯೂ ಅಲ್ಲೇ ಸಿಗುತ್ತದೆ.

ಅಕ್ಕನ ಕಂಪ್ಯೂಟರಿನಲ್ಲಿ

ಅಳಿಯನಿಗೆ ಮೊದಲು ಹೇಳಿದ್ದು ಹೊರಗಿನವರ ಕುಕಿ ತಡೆಯಲು. ಸುದ್ದಿಯ ಪುಟದಿಂದ, ಅಡುಗೆಯ ಪುಟದಿಂದ ಕುಕ್ಕರ್ ಹೋಯಿತು. ಜಾಹೀರಾತು ಹೋಗಲಿಲ್ಲ; ಆ ಜಾಗದಲ್ಲಿ ಸಿಮೆಂಟು, ಕಾರು, ಯಾರಿಗೆ ಬೇಕಾದರೂ ತೋರಿಸಬಹುದಾದದ್ದು ಬಂತು. ಆಮೇಲೆ ಡಿಎನ್‌ಎಸ್ ಸಾಲಿನಲ್ಲಿ ಒಬ್ಬ ಸೇವಾದಾರನನ್ನು ಆರಿಸಿದ. ಅದರಿಂದ ಅಕ್ಕನಿಗೆ ಕಾಣುವಂಥ ವ್ಯತ್ಯಾಸವೇನೂ ಆಗಲಿಲ್ಲ, ಆಗಬೇಕಾದದ್ದೂ ಇರಲಿಲ್ಲ. ಪ್ರಶ್ನೆಗಳು ಬೇರೆ ಕೌಂಟರಿಗೆ ಹೋಗತೊಡಗಿದವು, ಅಷ್ಟೇ.

ಹದಿನೈದು ದಿನ ಬಿಟ್ಟು ಅವನ ಫೋನ್ ಬಂತು. "ಮಾವ, ಆ ಅಂಗಡಿ ಸೈಟ್ ತೆಗೆದ್ರೆ ಮಾತ್ರ ಮೊದಲನೇದೇ ಕುಕ್ಕರ್."

"ಅಮ್ಮ ಲಾಗಿನ್ ಆಗೇ ಇದಾಳಾ?"

"ಹೂಂ."

"ಹಾಗಾದ್ರೆ ಅಂಗಡಿಯವನಿಗೆ ಅವಳ ಗುರುತು ಸಿಗದೆ ಇರುತ್ತಾ? ಅವನ ಅಂಗಡಿಯೊಳಗೆ ನಿಂತು ಅವನ ಕಣ್ಣು ಮುಚ್ಚೋ ಸ್ವಿಚ್ ಈ ಪುಟದಲ್ಲಿಲ್ಲ."